ತಾನಾಗಿ ಇಳಿಯುತ್ತಿದ್ದ ಜಾಕ್: ಒಂದು 5 ಟನ್ ಸ್ಕ್ರೂ ಜಾಕ್‌ನ ಟಾರ್ಕ್ ಮತ್ತು ಸೆಲ್ಫ್ ಲಾಕಿಂಗ್ ಲೆಕ್ಕ

ಹುಬ್ಬಳ್ಳಿಯ ಒಂದು ಟ್ರೇಲರ್ ರಿಪೇರಿ ಶೆಡ್ಡು. ಅಲ್ಲಿ ತಾವೇ ಮಾಡಿಸಿಕೊಂಡ 5 ಟನ್ನಿನ ಸ್ಕ್ರೂ ಜಾಕ್ ಒಂದಿತ್ತು. ಹಲವು ವರ್ಷ ತಕರಾರಿಲ್ಲದೆ ನಡೆದ ಈ ಜಾಕ್‌ಗೆ ಒಂದೇ ಒಂದು ದೂರು: ಹ್ಯಾಂಡಲ್ ವಿಪರೀತ ಬಿಗಿ, ಎತ್ತುವುದು ವಿಪರೀತ ನಿಧಾನ. ಬಿಗಿ ಕಡಿಮೆಯಾಗಲೆಂದು ತಲೆಯ ಮೇಲಿನ ಕಪ್ಪಿನ ಕೆಳಗೆ ಒಂದು ಥ್ರಸ್ಟ್ ಬಾಲ್ ಬೇರಿಂಗ್ ಕೂರಿಸಿದರು. ಅದು ಸರಿಹೋಯಿತು ಎಂದ ಮೇಲೆ, ವೇಗಕ್ಕೆಂದು ಹಳೆಯ ಸಿಂಗಲ್ ಸ್ಟಾರ್ಟ್ ಸ್ಕ್ರೂ ತೆಗೆದು ಡಬಲ್ ಸ್ಟಾರ್ಟ್ ಸ್ಕ್ರೂ ಮತ್ತು ಅದಕ್ಕೆ ಹೊಂದುವ ಗನ್ ಮೆಟಲ್ ನಟ್ ಮಾಡಿಸಿದರು. ಈಗ ಹ್ಯಾಂಡಲ್ ಹಗುರ, ಒಂದು ಸುತ್ತಿಗೆ ಎತ್ತರ ಎರಡು ಪಟ್ಟು. ಎಲ್ಲರಿಗೂ ಖುಷಿ.

ಕೆಲವು ವಾರ ಕಳೆದ ಮೇಲೆ ಟ್ರೇಲರ್‌ನ ಹಿಂದಿನ ಆ್ಯಕ್ಸಲ್ ಎತ್ತಿ ನಿಲ್ಲಿಸಿ, ಇಂಪ್ಯಾಕ್ಟ್ ಗನ್ನಿನಿಂದ ಚಕ್ರದ ನಟ್ ಬಿಚ್ಚುತ್ತಿದ್ದಾಗ ಮೇಸ್ತ್ರಿಯ ಕಣ್ಣಿಗೆ ಒಂದು ಸಂಗತಿ ಬಿತ್ತು. ಗನ್ ಹೊಡೆದಾಗಲೆಲ್ಲ ಜಾಕ್‌ನ ಹ್ಯಾಂಡಲ್ ಒಂದಿಷ್ಟು ಹಿಂದಕ್ಕೆ ಸರಿಯುತ್ತಿತ್ತು. ಅವರು ನನಗೆ ಹೇಳಿದ್ದು ಹೀಗೆ: "ನೋಡ್ರಿ ಸರ್, ಯಾರೂ ಮುಟ್ಟಿಲ್ಲ, ಹ್ಯಾಂಡಲ್ ತಾನಾ ತಿರಗಾಕತ್ತೈತಿ. ಮೊದಲ ಗೇಣಷ್ಟು ಸರದಿತ್ತು, ಆಮ್ಯಾಲೆ ನಿಲ್ಲಲೇ ಇಲ್ಲ." ಚಾಸಿಯ ಕೆಳಗೆ ಮರದ ದಿಮ್ಮಿ ಇಟ್ಟಿದ್ದರಿಂದ ಭಾರ ಅದರ ಮೇಲೆ ಕೂತಿತು. ಯಾರಿಗೂ ಏನೂ ಆಗಲಿಲ್ಲ.

ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ಇದು: ಮಾಡಿದ ಎರಡು ಬದಲಾವಣೆಗಳಲ್ಲಿ ಯಾವುದೊಂದನ್ನೇ ಮಾಡಿದ್ದರೂ ಜಾಕ್ ನಿಲ್ಲುತ್ತಿತ್ತು. ಎರಡೂ ಸೇರಿದಾಗ ಮಾತ್ರ ಇಳಿಯಿತು. ಅದು ಹೇಗೆಂದು ತಿಳಿಯಬೇಕಾದರೆ ಟಾರ್ಕ್ ಎಲ್ಲೆಲ್ಲಿ ಖರ್ಚಾಗುತ್ತದೆ ಎಂಬ ಲೆಕ್ಕದಿಂದಲೇ ಆರಂಭಿಸಬೇಕು.

ಹಳೆಯ ಜಾಕ್‌ನ ಲೆಕ್ಕ

ಇದು ಬಾಟಲಿ ಆಕಾರದ ಸಾಮಾನ್ಯ ಜಾಕ್. ಎರಕದ ಕಬ್ಬಿಣದ ಬಾಡಿಯ ಮೇಲ್ಭಾಗದಲ್ಲಿ ನಟ್ ಕೂತಿರುತ್ತದೆ, ತಿರುಗುವುದಿಲ್ಲ. ಸ್ಕ್ರೂ ಅದರೊಳಗೆ ತಿರುಗುತ್ತ ಮೇಲೇರುತ್ತದೆ. ಸ್ಕ್ರೂ ತಲೆಯಲ್ಲಿ ತೂತು, ಆ ತೂತಿಗೆ ಹ್ಯಾಂಡಲ್. ತಲೆಯ ಮೇಲೆ ಕಪ್. ಭಾರ ಕೂರುವುದು ಈ ಕಪ್ಪಿನ ಮೇಲೆ. ಸ್ಕ್ರೂ ತಿರುಗಿದರೂ ಕಪ್ ತಿರುಗಬಾರದು, ಆದ್ದರಿಂದ ಕಪ್ಪಿಗೂ ತಲೆಗೂ ನಡುವೆ ಉಜ್ಜಾಟ ಇದ್ದೇ ಇರುತ್ತದೆ.

ಸ್ಕ್ರೂ ಹೊರವ್ಯಾಸ 40 ಮಿಮೀ, ಪಿಚ್ 7 ಮಿಮೀ, ಕೋರ್ ವ್ಯಾಸ 33 ಮಿಮೀ, ಚೌಕ ಥ್ರೆಡ್. 40 ಮಿಮೀ ಚೌಕ ಥ್ರೆಡ್‌ಗೆ ಸಾಮಾನ್ಯ ಸರಣಿಯಲ್ಲಿ ಸಿಗುವ ಅಳತೆಯೇ ಇದು. ಹೊರವ್ಯಾಸ ಮತ್ತು ಕೋರ್ ವ್ಯಾಸಗಳ ಸರಾಸರಿ 36.5 ಮಿಮೀ; ಲೆಕ್ಕವೆಲ್ಲ ಈ ಸರಾಸರಿ ವ್ಯಾಸದ ಮೇಲೆಯೇ ನಡೆಯುತ್ತದೆ. ಭಾರ 5 ಟನ್. ಲೆಕ್ಕದ ಸುಲಭಕ್ಕೆ 50,000 ನ್ಯೂಟನ್ ಎಂದಿಟ್ಟುಕೊಳ್ಳೋಣ.

ಒಂದು ಸುತ್ತು ಥ್ರೆಡ್ಡನ್ನು ಬಿಡಿಸಿ ನೆಲದ ಮೇಲೆ ಹಾಸಿದರೆ ಅದೊಂದು ಇಳಿಜಾರು. ಉದ್ದ π × 36.5, ಅಂದರೆ 114.7 ಮಿಮೀ. ಎತ್ತರ ಒಂದು ಸುತ್ತಿಗೆ ಸ್ಕ್ರೂ ಏರುವಷ್ಟು, ಅಂದರೆ ಲೀಡ್. ಸಿಂಗಲ್ ಸ್ಟಾರ್ಟ್‌ನಲ್ಲಿ ಲೀಡ್ ಎಂದರೆ ಪಿಚ್ಚೇ, 7 ಮಿಮೀ. ಈ ಇಳಿಜಾರಿನ ಕೋನ α ಎಂದರೆ, tan α = 7 / 114.7 = 0.061. ಕೋನ ಸುಮಾರು 3.5 ಡಿಗ್ರಿ. ಭಾರವನ್ನು ಈ ಇಳಿಜಾರಿನ ಮೇಲೆ ಅಡ್ಡಲಾಗಿ ನೂಕಿ ಹತ್ತಿಸುವುದೇ ಎತ್ತುವುದು, ಅಡ್ಡಲಾಗಿ ನೂಕಿ ಇಳಿಸುವುದೇ ಇಳಿಸುವುದು. ಘರ್ಷಣಾಂಕ μ ಇದ್ದರೆ, tan φ = μ ಆಗುವ ಕೋನ φ ಘರ್ಷಣಾ ಕೋನ. ಭಾರ W, ಸರಾಸರಿ ವ್ಯಾಸ dm ಎಂದಿಟ್ಟುಕೊಂಡರೆ, ಥ್ರೆಡ್‌ನಲ್ಲಿ ಬೇಕಾಗುವ ಟಾರ್ಕ್ T:

```
ಎತ್ತಲು:   T = W × (dm/2) × tan(φ + α)
ಇಳಿಸಲು:  T = W × (dm/2) × tan(φ − α)
```

ಎರಡನೆಯ ಸಾಲಿನಲ್ಲೇ ಇಡೀ ಕಥೆ ಇದೆ. φ ದೊಡ್ಡದಿದ್ದರೆ ಇಳಿಸುವ ಟಾರ್ಕ್ ಧನಾತ್ಮಕ: ಭಾರ ಇಳಿಯಬೇಕಾದರೂ ನಾವು ಹ್ಯಾಂಡಲ್ ತಿರುಗಿಸಲೇಬೇಕು. ಇದೇ ಸೆಲ್ಫ್ ಲಾಕಿಂಗ್. α ದೊಡ್ಡದಾದರೆ ಟಾರ್ಕ್ ಋಣಾತ್ಮಕ: ಭಾರವೇ ಸ್ಕ್ರೂ ತಿರುಗಿಸುತ್ತದೆ, ನಾವು ತಡೆದು ಹಿಡಿಯಬೇಕು. ಕೋನಗಳನ್ನು ಬಿಟ್ಟು ನೇರವಾಗಿ ಹೇಳುವುದಾದರೆ, ಥ್ರೆಡ್ ತಾನಾಗಿ ನಿಲ್ಲಬೇಕಾದರೆ ಘರ್ಷಣಾಂಕವು ಲೀಡನ್ನು π × dm ನಿಂದ ಭಾಗಿಸಿದ ಸಂಖ್ಯೆಗಿಂತ ಹೆಚ್ಚಿರಬೇಕು. ಗಮನಿಸಿ, ಈ ಷರತ್ತಿನಲ್ಲಿ W ಇಲ್ಲವೇ ಇಲ್ಲ. ಅರ್ಧ ಟನ್ ಹೊತ್ತಾಗ ಜಾರುವ ಥ್ರೆಡ್ 5 ಟನ್ ಹೊತ್ತಾಗಲೂ ಜಾರುತ್ತದೆ.

ಉಕ್ಕಿನ ಸ್ಕ್ರೂ, ಗನ್ ಮೆಟಲ್ ನಟ್, ಸಾಧಾರಣ ಗ್ರೀಸ್ ಇದ್ದರೆ μ ಎಂದು 0.15 ಹಿಡಿಯುವುದು ರೂಢಿ. ಹಾಗೆ ಹಿಡಿದರೆ ಎತ್ತುವಾಗ ಥ್ರೆಡ್‌ನಲ್ಲಿ 194 ನ್ಯೂಟನ್ ಮೀಟರ್ ಬೇಕು, ಇಳಿಸುವಾಗ 80.

ಇನ್ನು ಕಪ್. ಹಳೆಯ ಕಪ್ಪಿನ ಉಜ್ಜುವ ಮುಖದ ಹೊರವ್ಯಾಸ 60, ಒಳವ್ಯಾಸ 20 ಮಿಮೀ; ಸರಾಸರಿ ತ್ರಿಜ್ಯ 20 ಮಿಮೀ. ಅಲ್ಲಿಯೂ 0.15 ಹಿಡಿದರೆ 0.15 × 50,000 × 20 = 1,50,000 ನ್ಯೂಟನ್ ಮಿಲಿಮೀಟರ್, ಅಂದರೆ 150 ನ್ಯೂಟನ್ ಮೀಟರ್. ಹ್ಯಾಂಡಲ್‌ನಲ್ಲಿ ಕೊಡಬೇಕಾದ ಒಟ್ಟು ಟಾರ್ಕ್ 344. ಹ್ಯಾಂಡಲ್ 86 ಸೆಂಮೀ ಉದ್ದವಿತ್ತು, ಆದ್ದರಿಂದ ತುದಿಯಲ್ಲಿ 400 ನ್ಯೂಟನ್, ಹೆಚ್ಚುಕಡಿಮೆ 41 ಕೆಜಿ ಭಾರ ನೂಕಿದಂತೆ. ಒಬ್ಬ ಗಟ್ಟಿ ಆಳು ಒಂದೆರಡು ಸಲ ನೂಕಬಹುದು, 250 ಮಿಮೀ ಎತ್ತರಕ್ಕೆ 36 ಸುತ್ತು ಹೊಡೆಯುವುದು ಆಗದ ಮಾತು. ಶೆಡ್ಡಿನವರ ದೂರಿನಲ್ಲಿ ಸುಳ್ಳೇನೂ ಇರಲಿಲ್ಲ.

ಜಾಕ್ ಡಿಸೈನ್ ಮಾಡುವ ವಿದ್ಯಾರ್ಥಿಗಳು ಕೊನೆಯ ಪುಟಕ್ಕೆ ತಳ್ಳುವ ಭಾಗ ಈ ಕಪ್. ಆದರೆ ಇಲ್ಲಿ ಅದೊಂದೇ ಒಟ್ಟು ಶ್ರಮದ ನೂರಕ್ಕೆ 44 ಪಾಲನ್ನು ತಿನ್ನುತ್ತಿತ್ತು. ಜಾಕ್‌ನ ಒಟ್ಟು ದಕ್ಷತೆ ಬರೇ ಶೇ 16. ಅಂದಮೇಲೆ ಮೊದಲ ಸುಧಾರಣೆಗೆ ಕೈಹಾಕಬೇಕಾದ ಜಾಗ ಅದೇ, ಅವರು ಕೈಹಾಕಿದ್ದೂ ಅಲ್ಲಿಯೇ.

ಬೇರಿಂಗ್ ಬಂದ ಮೇಲೆ

ಕಪ್ಪಿನ ಕೆಳಗೆ ಥ್ರಸ್ಟ್ ಬಾಲ್ ಬೇರಿಂಗ್ ಕೂತಾಗ 150 ಇದ್ದ ಕಪ್ ಟಾರ್ಕ್ ಹೆಚ್ಚೆಂದರೆ ಒಂದೂವರೆ ನ್ಯೂಟನ್ ಮೀಟರ್‌ಗೆ ಇಳಿಯಿತು. ಒಟ್ಟು 344 ಇದ್ದದ್ದು 196. ಹ್ಯಾಂಡಲ್ ತುದಿಯಲ್ಲಿ 400 ನ್ಯೂಟನ್ ಬದಲು 228.

ಇದಕ್ಕೊಂದು ಬೆಲೆಯೂ ಇದೆ. ಇಳಿಸುವಾಗ ಕಪ್ಪಿನ ಘರ್ಷಣೆ ಥ್ರೆಡ್‌ನ ಘರ್ಷಣೆಯ ಜೊತೆ ಸೇರಿ ಭಾರವನ್ನು ತಡೆಯುತ್ತಿತ್ತು. ಹಳೆಯ ಜಾಕ್ ಇಳಿಸಲು 80 + 150, ಅಂದರೆ 230 ನ್ಯೂಟನ್ ಮೀಟರ್ ಬೇಕಿತ್ತು. ಅದು ತಾನಾಗಿ ಇಳಿಯುವ ಪ್ರಶ್ನೆಯೇ ಇರಲಿಲ್ಲ. ಬೇರಿಂಗ್ ಹಾಕಿದಾಗ ಈ ಕಾವಲು ಹೋಯಿತು, ಭಾರ ಹಿಡಿಯುವ ಹೊಣೆ ಪೂರ್ತಿ ಥ್ರೆಡ್‌ನ ಮೇಲೆ ಬಿತ್ತು. ಸಿಂಗಲ್ ಸ್ಟಾರ್ಟ್ ಥ್ರೆಡ್ ಆ ಹೊಣೆ ಹೊರಬಲ್ಲದು. ಘರ್ಷಣಾಂಕ 0.061ರ ವರೆಗೆ ಕುಸಿದರೂ ಅದು ನಿಲ್ಲುತ್ತದೆ. ಗ್ರೀಸ್ ಹಚ್ಚಿ ಪಳಗಿದ ಥ್ರೆಡ್‌ನಲ್ಲಿ μ 0.10 ಆದಾಗಲೂ ಇಳಿಸಲು 35 ನ್ಯೂಟನ್ ಮೀಟರ್ ಬೇಕು. ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ.

ಡಬಲ್ ಸ್ಟಾರ್ಟ್ ಸ್ಕ್ರೂ

ಡಬಲ್ ಸ್ಟಾರ್ಟ್ ಎಂದರೆ ಸ್ಕ್ರೂ ಮೇಲೆ ಒಂದರ ಪಕ್ಕ ಒಂದರಂತೆ ಎರಡು ಥ್ರೆಡ್ ಸುತ್ತಿಕೊಂಡು ಹೋಗುತ್ತವೆ. ಸ್ಕೇಲ್ ಇಟ್ಟು ಅಳೆದರೆ ಪಿಚ್ 7 ಮಿಮೀಯೇ, ಥ್ರೆಡ್‌ನ ಆಳವೂ ಅಷ್ಟೇ, ಕೋರ್ 33 ಮಿಮೀಯೇ. ಹಳೆಯ ಸ್ಕ್ರೂ ಪಕ್ಕ ಇಟ್ಟರೆ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ. ಸ್ಕ್ರೂ ತುದಿಯನ್ನು ನೇರವಾಗಿ ನೋಡಿದರೆ ಥ್ರೆಡ್ ಶುರುವಾಗುವ ಎರಡು ಬಾಯಿ ಎದುರುಬದುರಾಗಿ ಕಾಣುತ್ತವೆ. ಇಲ್ಲವೇ ಒಂದು ಥ್ರೆಡ್‌ನ ಮೇಲೆ ಸೀಮೆಸುಣ್ಣದಿಂದ ಒಂದು ಪೂರ್ತಿ ಸುತ್ತು ಗೆರೆ ಎಳೆಯಿರಿ. ಗೆರೆ ಪಕ್ಕದ ಥ್ರೆಡ್ಡಿಗೆ ಬರದೆ ನಡುವೆ ಒಂದನ್ನು ಬಿಟ್ಟು ಆಚೆಗೆ ಬಂದು ಸೇರಿದರೆ ಅದು ಡಬಲ್ ಸ್ಟಾರ್ಟ್.

ಲೀಡ್ ಈಗ 14 ಮಿಮೀ. tan α = 14 / 114.7 = 0.122, ಕೋನ ಸುಮಾರು 7 ಡಿಗ್ರಿ. 0.15 ಹಿಡಿದರೆ ಎತ್ತಲು ಥ್ರೆಡ್‌ನಲ್ಲಿ 253 ನ್ಯೂಟನ್ ಮೀಟರ್. ಬೇರಿಂಗ್ ಇರುವುದರಿಂದ ಒಟ್ಟು ಹೆಚ್ಚುಕಡಿಮೆ ಅಷ್ಟೇ. ಹ್ಯಾಂಡಲ್ ತುದಿಯಲ್ಲಿ ಸುಮಾರು 296 ನ್ಯೂಟನ್. ಹಳೆಯ 400ಕ್ಕಿಂತ ಹಗುರ, ಸುತ್ತು 36ರ ಬದಲು 18. ಲಾಭ ಸ್ಪಷ್ಟವಾಗಿಯೇ ಇತ್ತು: ಬೇರಿಂಗ್‌ನಿಂದ ಉಳಿಸಿದ ಶ್ರಮದಲ್ಲಿ ಒಂದು ಭಾಗವನ್ನು ವೇಗಕ್ಕೆ ಖರ್ಚು ಮಾಡಿದಂತೆ.

ಸ್ಕ್ರೂ ಮಾಡಿಕೊಟ್ಟವರು ಸೆಲ್ಫ್ ಲಾಕಿಂಗ್ ನೋಡಲಿಲ್ಲವೇ? ನೋಡಿದ್ದರು. μ 0.15, tan α 0.122, 0.15 ದೊಡ್ಡದು, ಆದ್ದರಿಂದ ಲಾಕ್ ಆಗುತ್ತದೆ ಎಂದು ಬರೆದಿದ್ದರು. ಇಳಿಸುವ ಟಾರ್ಕ್ 25 ನ್ಯೂಟನ್ ಮೀಟರ್ ಧನಾತ್ಮಕ ಎಂದೂ ಬರೆದಿದ್ದರು. ಬಲದ ಲೆಕ್ಕವೂ ಸರಿಯಾಗಿತ್ತು. ಕೋರ್ ಮೇಲೆ ಒತ್ತುವ ಒತ್ತಡ 58 ಮೆಗಾಪಾಸ್ಕಲ್, ತಿರುಚುವ ಒತ್ತಡ 36, ಎರಡೂ ಸೇರಿದ ಗರಿಷ್ಠ ಕತ್ತರಿ ಒತ್ತಡ 46; ಇಎನ್ 8 ಉಕ್ಕಿಗೆ ಇದು ಏನೇನೂ ಅಲ್ಲ. ನಟ್‌ನಲ್ಲಿ ಹತ್ತು ಥ್ರೆಡ್, ಎತ್ತರ 70 ಮಿಮೀ. ಥ್ರೆಡ್ ಮುಖದ ಮೇಲಿನ ಒತ್ತಡ 12.5 ಮೆಗಾಪಾಸ್ಕಲ್, ಗನ್ ಮೆಟಲ್‌ಗೆ ಒಪ್ಪುವಂಥದ್ದು. ಪೂರ್ತಿ ಎತ್ತರಕ್ಕೆ ಏರಿದಾಗ ಸ್ಕ್ರೂ ಬಾಗುವ ಭಯವೂ ಇರಲಿಲ್ಲ. ಮುರಿಯುವ ದಿಕ್ಕಿನಿಂದ ನೋಡಿದರೆ ಈ ಜಾಕ್‌ನಲ್ಲಿ ದೋಷವೇ ಇಲ್ಲ.

ದೋಷ ಇದ್ದದ್ದು 0.15 ಎಂಬ ಆ ಸಂಖ್ಯೆಯನ್ನು ಎರಡೂ ಕಡೆ ಬಳಸಿದ್ದರಲ್ಲಿ. ಎತ್ತುವ ಟಾರ್ಕ್ ಲೆಕ್ಕ ಹಾಕುವಾಗ ಹೆಚ್ಚಿನ ಘರ್ಷಣಾಂಕ ಹಿಡಿಯುವುದು ಜಾಣತನ. ಹ್ಯಾಂಡಲ್ ಸಾಕಷ್ಟು ಉದ್ದವಿರುತ್ತದೆ, ಸ್ಕ್ರೂ ಗಟ್ಟಿಯಾಗಿರುತ್ತದೆ. ಆದರೆ ಅದೇ ಸಂಖ್ಯೆಯನ್ನು ಸೆಲ್ಫ್ ಲಾಕಿಂಗ್‌ಗೂ ಹಿಡಿದರೆ ಎಚ್ಚರಿಕೆ ಎಂದುಕೊಂಡದ್ದು ತಲೆಕೆಳಗಾಗುತ್ತದೆ. ಭಾರ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಆ ಥ್ರೆಡ್ ಜೀವಮಾನದಲ್ಲಿ ಕಾಣಬಹುದಾದ ಅತಿ ಕಡಿಮೆ ಘರ್ಷಣಾಂಕ ಹಿಡಿಯಬೇಕು. ಒಂದೇ ಜಾಕ್, ಎರಡು ಪ್ರಶ್ನೆ, ಎರಡು ಬೇರೆ μ.

ಉಕ್ಕು ಮತ್ತು ಕಂಚಿನ ಜೋಡಿಯಲ್ಲಿ ಒಳ್ಳೆಯ ಗ್ರೀಸ್ ಇದ್ದು, ಥ್ರೆಡ್ ಮುಖಗಳು ಪಳಗಿ ನುಣುಪಾದರೆ 0.10 ಸಾಮಾನ್ಯ. ಅದನ್ನು ಇಳಿಸುವ ಸೂತ್ರಕ್ಕೆ ಹಾಕೋಣ. 0.10ರಿಂದ 0.122 ಕಳೆದರೆ ಋಣಾತ್ಮಕ. ಟಾರ್ಕ್ ಮೈನಸ್ 20 ನ್ಯೂಟನ್ ಮೀಟರ್. ಭಾರವೇ 20 ನ್ಯೂಟನ್ ಮೀಟರ್‌ನಿಂದ ಹ್ಯಾಂಡಲ್ ತಿರುಗಿಸಲು ನೋಡುತ್ತದೆ. ತಡೆಯಲು ಬೇರಿಂಗ್ ಕೊಡುವುದು ಒಂದೂವರೆ.

ಹಳೆಯ ಸಾದಾ ಕಪ್ ಉಳಿಸಿಕೊಂಡಿದ್ದರೆ? ಅಲ್ಲಿಯೂ ಘರ್ಷಣಾಂಕ 0.10ಕ್ಕೆ ಇಳಿದಿದೆ ಎಂದುಕೊಂಡರೂ ಕಪ್ 100 ನ್ಯೂಟನ್ ಮೀಟರ್ ತಡೆಯುತ್ತಿತ್ತು. ಮೈನಸ್ 20 ಮತ್ತು 100 ಸೇರಿ 80 ಉಳಿಯುತ್ತಿತ್ತು, ಭಾರ ನಿಲ್ಲುತ್ತಿತ್ತು. ಡಬಲ್ ಸ್ಟಾರ್ಟ್ ಮತ್ತು ಸಾದಾ ಕಪ್ ನಿಲ್ಲುತ್ತದೆ. ಸಿಂಗಲ್ ಸ್ಟಾರ್ಟ್ ಮತ್ತು ಬೇರಿಂಗ್ ನಿಲ್ಲುತ್ತದೆ. ಡಬಲ್ ಸ್ಟಾರ್ಟ್ ಮತ್ತು ಬೇರಿಂಗ್ ನಿಲ್ಲುವುದಿಲ್ಲ. ಒಂದು ಬದಲಾವಣೆ ಕಪ್ಪಿನ ಕಾವಲನ್ನು ತೆಗೆಯಿತು, ಇನ್ನೊಂದು ಥ್ರೆಡ್‌ನ ಕಾವಲನ್ನು ತೆಗೆಯಿತು. ಎರಡು ಬದಲಾವಣೆಗಳನ್ನೂ ಬೇರೆ ಬೇರೆ ಸಮಯದಲ್ಲಿ, ಬೇರೆ ಬೇರೆ ಜನ ಮಾಡಿದ್ದರಿಂದ ಒಟ್ಟು ಲೆಕ್ಕವನ್ನು ಯಾರೂ ಹಾಕಲಿಲ್ಲ.

ಶುರುವಿನಲ್ಲಿ ಯಾಕೆ ನಿಂತಿತ್ತು

ಹೊಸ ಸ್ಕ್ರೂ ಬಂದ ದಿನ ಶೆಡ್ಡಿನವರು ಪರೀಕ್ಷೆ ಮಾಡಿಯೇ ಬಳಕೆಗೆ ತೆಗೆದುಕೊಂಡಿದ್ದರು. ಅರ್ಧ ಟನ್ನಿನಷ್ಟು ಕಬ್ಬಿಣ ಎತ್ತಿ ಬಿಟ್ಟು ನೋಡಿದ್ದರು, ಅಲ್ಲಾಡಲಿಲ್ಲ. ಈ ಪರೀಕ್ಷೆ ಅವರಿಗೆ ಹುಸಿ ಧೈರ್ಯ ಕೊಟ್ಟಿತು.

ಮೊದಲನೆಯ ಕಾರಣ, ಹೊಸ ಥ್ರೆಡ್ ಮೇಲೆ ಲೇತ್‌ನ ಟೂಲ್ ಗುರುತು ಒರಟಾಗಿಯೇ ಇರುತ್ತದೆ. ಆಗ μ ನಿಜವಾಗಿಯೂ 0.15ರ ಆಸುಪಾಸು ಇದ್ದಿರಬಹುದು. ಬಳಸುತ್ತ ಬಳಸುತ್ತ ಗನ್ ಮೆಟಲ್ ಮುಖ ಕನ್ನಡಿಯಂತೆ ನುಣುಪಾಯಿತು. ಬಿಚ್ಚಿದಾಗ ನಟ್‌ನ ಥ್ರೆಡ್ ಮುಖ ಹೊಳೆಯುತ್ತಿದ್ದುದನ್ನು ನಾನೇ ನೋಡಿದೆ. ಎರಡನೆಯ ಕಾರಣ ಭಾರದ್ದು. ಷರತ್ತಿನಲ್ಲಿ W ಇಲ್ಲ ಎಂದು ಮೇಲೆ ಹೇಳಿದೆ. ಆದರೆ ಧೂಳು, ಗಟ್ಟಿಯಾದ ಗ್ರೀಸ್, ನಟ್‌ನಲ್ಲಿ ಸ್ಕ್ರೂ ಓರೆಯಾಗಿ ತಾಗುವುದು, ಇವೆಲ್ಲ ಕೊಡುವ ಒಂದೆರಡು ನ್ಯೂಟನ್ ಮೀಟರ್ ತಡೆ ಭಾರಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. ಅರ್ಧ ಟನ್ ಇಟ್ಟಾಗ, ಘರ್ಷಣಾಂಕ 0.10ಕ್ಕೆ ಇಳಿದಿದ್ದರೂ ಇಳಿಯುವ ಟಾರ್ಕ್ ಬರೇ 2 ನ್ಯೂಟನ್ ಮೀಟರ್. ಆ ಸಣ್ಣ ತಡೆಗಳೇ ಅದನ್ನು ಹಿಡಿದುಬಿಡುತ್ತವೆ. 5 ಟನ್ ಬಂದಾಗ 20 ಆಗುತ್ತದೆ, ತಡೆ ಅಷ್ಟಕ್ಕಷ್ಟೇ ಉಳಿದಿರುತ್ತದೆ. ಹಗುರ ಭಾರದ ಮೇಲೆ ಮಾಡಿದ ಲಾಕಿಂಗ್ ಪರೀಕ್ಷೆಯನ್ನು ನಂಬಬಾರದು, ಪೂರ್ತಿ ಭಾರ ಹೊರಿಸಿಯೇ ನೋಡಬೇಕು.

ಮೂರನೆಯದು ನಡುಕ. ನಿಂತ ಮುಖಗಳ ನಡುವಿನ ಘರ್ಷಣೆ ಜಾರುವ ಮುಖಗಳದ್ದಕ್ಕಿಂತ ಹೆಚ್ಚು. ಆದ್ದರಿಂದ ಜಾರಿದರೆ ಓಡುವ ಜಾಕ್ ಕೂಡ ಸುಮ್ಮನೆ ನಿಂತಾಗ ನಿಲ್ಲಬಹುದು. ಇಂಪ್ಯಾಕ್ಟ್ ಗನ್ನಿನ ಪ್ರತಿ ಹೊಡೆತಕ್ಕೂ ಥ್ರೆಡ್ ಮುಖಗಳ ಮೇಲಿನ ಒತ್ತು ಕ್ಷಣಕಾಲ ಸಡಿಲವಾಗುತ್ತದೆ, ಆಗ ಸ್ಕ್ರೂ ಕೂದಲೆಳೆಯಷ್ಟು ಕೆಳಗೆ ತಿರುಗುತ್ತದೆ. ಮೇಸ್ತ್ರಿ ಕಂಡ "ಗೇಣಷ್ಟು ಸರದಿತ್ತು" ಈ ಹಂತ. ಒಮ್ಮೆ ಚಲನೆ ಶುರುವಾಗಿ ಜಾರುವ ಘರ್ಷಣೆಯೇ ಉಳಿದಾಗ ನಡುಕ ನಿಂತರೂ ಸ್ಕ್ರೂ ನಿಲ್ಲುವುದಿಲ್ಲ. "ಆಮ್ಯಾಲೆ ನಿಲ್ಲಲೇ ಇಲ್ಲ" ಎಂದದ್ದು ಅದಕ್ಕೇ. ಈ ಎರಡನೆಯ ಹಂತವೇ ಅಪಾಯದ್ದು. 86 ಸೆಂಮೀ ಕಬ್ಬಿಣದ ಹ್ಯಾಂಡಲ್ ಒಂದು ಸುತ್ತು ಮುಗಿಸಲು ಒಂದು ಸೆಕೆಂಡೂ ಬೇಡ, ಅದರ ದಾರಿಯಲ್ಲಿ ಮೊಣಕಾಲೋ ಮುಖವೋ ಇರಬಹುದು.

ಅಳೆದು ನೋಡಿದ್ದು

ಲೆಕ್ಕ ಎಷ್ಟೇ ಸರಿಯಿದ್ದರೂ μ ಎಂಬುದು ಊಹೆ. ಅದನ್ನು ಈ ಜಾಕ್‌ನಿಂದಲೇ ಕೇಳಿ ತಿಳಿಯಬಹುದು. ಶೆಡ್ಡಿನಲ್ಲಿ ಪ್ರೆಷರ್ ಗೇಜ್ ಇದ್ದ ಹೈಡ್ರಾಲಿಕ್ ಪ್ರೆಸ್ ಇತ್ತು. ಜಾಕ್‌ನ್ನು ಅದರ ಕೆಳಗೆ ನಿಲ್ಲಿಸಿ 50,000 ನ್ಯೂಟನ್‌ಗೆ ಒತ್ತಿದೆವು. ಹ್ಯಾಂಡಲ್ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಹ್ಯಾಂಡಲ್‌ಗೆ ಸದಾ ಲಂಬಕೋನದಲ್ಲಿ ಇರುವಂತೆ ನಿಧಾನವಾಗಿ ಎಳೆದೆವು. ಒಬ್ಬರು ಪ್ರೆಸ್‌ನ ವಾಲ್ವ್ ಸಡಿಲಿಸುತ್ತಲೋ ಪಂಪ್ ಹೊಡೆಯುತ್ತಲೋ ಗೇಜ್‌ನ ಮುಳ್ಳು ಅಲ್ಲೇ ಇರುವಂತೆ ನೋಡಿಕೊಂಡರು. ಎಲ್ಲರೂ ಹ್ಯಾಂಡಲ್ ಸುತ್ತುವ ವರ್ತುಲದ ಹೊರಗೆ.

ಎತ್ತುವಾಗ ತಕ್ಕಡಿ 24.5 ಕೆಜಿ ತೋರಿಸಿತು, ಅಂದರೆ 240 ನ್ಯೂಟನ್. 0.86 ಮೀಟರ್‌ನಿಂದ ಗುಣಿಸಿದರೆ 206 ನ್ಯೂಟನ್ ಮೀಟರ್. ಬೇರಿಂಗ್‌ನ ಒಂದೂವರೆ ಕಳೆದು, W × dm/2 ನಿಂದ ಭಾಗಿಸಿದರೆ tan(φ + α) = 0.225. ಕೋನ 12.7 ಡಿಗ್ರಿ, ಅದರಲ್ಲಿ α 7 ಡಿಗ್ರಿ ಕಳೆದರೆ φ 5.7 ಡಿಗ್ರಿ. μ = 0.10.

ಇಳಿಸುವಾಗ ಎಳೆಯುವ ಕೆಲಸವೇ ಇರಲಿಲ್ಲ. ಚಲಿಸುತ್ತಿದ್ದ ಹ್ಯಾಂಡಲ್‌ನ್ನು ತಡೆದು ಹಿಡಿಯಲು ತಕ್ಕಡಿ 2.2 ಕೆಜಿ ತೋರಿಸಿತು, ಸುಮಾರು 21.5 ನ್ಯೂಟನ್. ಅಂದರೆ 18 ನ್ಯೂಟನ್ ಮೀಟರ್, ಲೆಕ್ಕ ಹೇಳಿದ 20ರಿಂದ ಬೇರಿಂಗ್‌ನ ತಡೆ ಕಳೆದರೆ ಬರುವಷ್ಟೇ.

ಎತ್ತುವಾಗಿನ ಅಳತೆಯೊಂದರಿಂದಲೇ ಅಪಾಯ ಗುರುತಿಸಲು ಇನ್ನೊಂದು ದಾರಿ ಇದೆ. ಒಂದು ಸುತ್ತಿಗೆ ಭಾರದ ಮೇಲೆ ಆದ ಕೆಲಸ 50,000 × 0.014, ಅಂದರೆ 700 ಜೂಲ್. ನಾವು ಕೊಟ್ಟದ್ದು 2π × 206, ಅಂದರೆ ಸುಮಾರು 1,295 ಜೂಲ್. ದಕ್ಷತೆ ಶೇ 54. ಸೆಲ್ಫ್ ಲಾಕಿಂಗ್ ಇರುವ ಯಾವ ಸ್ಕ್ರೂವೂ ಶೇ 50 ದಾಟಲಾರದು. ಕಾರಣ ಸರಳ: α ಮತ್ತು φ ಸಮವಾಗಿರುವ ಗಡಿಯಲ್ಲಿ ದಕ್ಷತೆ tan φ / tan 2φ, ಅದು ಯಾವಾಗಲೂ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಜಾಕ್‌ನ ದಕ್ಷತೆ ಅರ್ಧಕ್ಕಿಂತ ಮೇಲಿದೆ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಅದು ಭಾರ ಹಿಡಿಯುವುದಿಲ್ಲ ಎಂದೇ ಅರ್ಥ.

ಪರಿಹಾರಕ್ಕೆ ಇದ್ದ ದಾರಿಗಳು

ಮಾಲೀಕರಿಗೆ ವೇಗ ಬಿಡಲು ಮನಸ್ಸಿರಲಿಲ್ಲ. "ಸ್ಕ್ರೂ ದಪ್ಪ ಮಾಡಿದ್ರ ನಿಲ್ಲಂಗಿಲ್ಲೇನ್ರಿ ಸರ್?" ಎಂದು ಕೇಳಿದರು. ಸರಿಯಾದ ಪ್ರಶ್ನೆ. ನಿಲ್ಲುತ್ತದೆ. ಸಿಂಗಲ್ ಸ್ಟಾರ್ಟ್‌ನಷ್ಟೇ ಸುರಕ್ಷಿತ ಕೋನ, ಅಂದರೆ tan α 0.061, ಲೀಡ್ 14 ಮಿಮೀಗೂ ಬೇಕಾದರೆ ಸರಾಸರಿ ವ್ಯಾಸ 73 ಮಿಮೀ ಆಗಬೇಕು. ಎರಡರಷ್ಟು ದಪ್ಪ. ಆದರೆ ಟಾರ್ಕ್ ಸೂತ್ರದಲ್ಲಿ ಕೋನಗಳು ಅವೇ ಉಳಿದು dm ಮಾತ್ರ ಎರಡರಷ್ಟಾಗುವುದರಿಂದ ಟಾರ್ಕ್ ಕೂಡ ಎರಡರಷ್ಟು. ಸುತ್ತು ಅರ್ಧ, ನೂಕುವ ಬಲ ದುಪ್ಪಟ್ಟು. ಗಳಿಸಿದ್ದು ಏನೂ ಇಲ್ಲ, ಜಾಕ್ ಮಾತ್ರ ಹೊತ್ತೊಯ್ಯಲಾಗದಷ್ಟು ಭಾರ. ಸೆಲ್ಫ್ ಲಾಕಿಂಗ್ ಬೇಕು ಎಂದ ಕ್ಷಣ ಅರ್ಧಕ್ಕಿಂತ ಹೆಚ್ಚು ಶ್ರಮವನ್ನು ಘರ್ಷಣೆಗೆ ಕೊಡಲು ಒಪ್ಪಿದಂತೆ. ವ್ಯಾಸ ಬದಲಿಸಿ ಅದರಿಂದ ತಪ್ಪಿಸಿಕೊಳ್ಳಲಾಗದು.

ಬೇರಿಂಗ್ ತೆಗೆದು ಸಾದಾ ಕಪ್ ಮರಳಿ ಹಾಕಿ ಡಬಲ್ ಸ್ಟಾರ್ಟ್ ಉಳಿಸುವುದು ಇನ್ನೊಂದು ದಾರಿ. ನಾನು ಇದನ್ನು ಒಪ್ಪಲಿಲ್ಲ. ಕಾಗದದ ಮೇಲೆ 80 ನ್ಯೂಟನ್ ಮೀಟರ್ ಉಳಿಯುತ್ತದೆ ನಿಜ, ಆದರೆ ಅಷ್ಟೂ ಕಪ್ಪಿನ ಮೇಲೆ ನಿಂತಿದೆ. ಕಪ್ ಒಂದು ಸಡಿಲ ತುಂಡು. ಯಾರೋ ಅದಕ್ಕೆ ಗ್ರೀಸ್ ಮೆತ್ತುತ್ತಾರೆ, ಇನ್ಯಾರೋ ಮತ್ತೆ ಬೇರಿಂಗ್ ಹಾಕುತ್ತಾರೆ, ಭಾರ ಕಪ್ಪಿನ ಅಂಚು ಬಿಟ್ಟು ನಟ್ಟನಡುವೆ ಕೂತರೆ ತ್ರಿಜ್ಯವೇ ಕಡಿಮೆಯಾಗುತ್ತದೆ. ಥ್ರೆಡ್ ಒಂದೇ, ಕಪ್ಪಿನ ನೆರವಿಲ್ಲದೆ, ಅತಿ ಕಡಿಮೆ ಘರ್ಷಣೆಯಲ್ಲೂ ಭಾರ ಹಿಡಿಯಬೇಕು. ಕಪ್ಪಿನ ಘರ್ಷಣೆ ಸಿಕ್ಕರೆ ಸಿಗಲಿ, ಲೆಕ್ಕಕ್ಕೆ ಹಿಡಿಯಬಾರದು. ಎತ್ತುವ ಟಾರ್ಕ್‌ನಲ್ಲಿ ಮಾತ್ರ ಅದನ್ನು ತಪ್ಪದೆ ಸೇರಿಸಬೇಕು. ಥ್ರೆಡ್ಡನ್ನು ಚೌಕದ ಬದಲು ಟ್ರೆಪಿಜಾಯ್ಡಲ್ ಮಾಡುವ ಮಾತೂ ಬಂತು. 30 ಡಿಗ್ರಿ ಕೋನದ ಆ ಥ್ರೆಡ್‌ನಲ್ಲಿ ಘರ್ಷಣೆ cos 15 ಡಿಗ್ರಿಯಿಂದ ಭಾಗಿಸಿದಷ್ಟು ಹೆಚ್ಚುತ್ತದೆ, ಬರೇ ಶೇ 3.5. 0.10 ಇದ್ದದ್ದು 0.1035 ಆದರೆ 0.122ರ ಹತ್ತಿರವೂ ಬರುವುದಿಲ್ಲ.

ಕೊನೆಗೆ ಬೇರಿಂಗ್ ಉಳಿಸಿಕೊಂಡು ಸ್ಕ್ರೂ ಮತ್ತು ನಟ್ ಎರಡನ್ನೂ ಸಿಂಗಲ್ ಸ್ಟಾರ್ಟ್‌ಗೆ ಮರಳಿಸಿದೆವು. μ 0.10 ಇದ್ದಾಗ ಎತ್ತಲು 149 ನ್ಯೂಟನ್ ಮೀಟರ್, ಹ್ಯಾಂಡಲ್ ತುದಿಯಲ್ಲಿ 174 ನ್ಯೂಟನ್. ಹಳೆಯ 400ರ ಅರ್ಧಕ್ಕಿಂತ ಕಡಿಮೆ. ಸುತ್ತು ಹೆಚ್ಚಾಯಿತು ಎಂಬ ಚಿಂತೆಗೂ ಉತ್ತರ ಕೆಲಸದ ರೀತಿಯಲ್ಲೇ ಇತ್ತು. ಅವರ ಕೆಲಸದಲ್ಲಿ ಜಾಕ್ ಭಾರ ಹೊತ್ತು ಏರುವುದು ಸುಮಾರು 100 ಮಿಮೀ, ಅಂದರೆ 14 ಸುತ್ತು. ಉಳಿದದ್ದು ಬರಿಗೈ ಓಟ, ಕಪ್ ಚಾಸಿಗೆ ತಾಗುವ ತನಕ. ಅದಕ್ಕೆ ಜಾಕ್ ಕೆಳಗೆ ಮರದ ದಪ್ಪ ಹಲಗೆ ಇಟ್ಟರೆ ಆ ಸುತ್ತುಗಳಲ್ಲಿ ಅರ್ಧದಷ್ಟು ಅಲ್ಲೇ ಉಳಿತಾಯವಾಗುತ್ತವೆ.

ಇದರ ಮಿತಿಯೂ ಇದೆ. 0.061 ಬೇಕಿರುವಲ್ಲಿ 0.10 ಇದೆ ಎಂದರೆ ಸುಮಾರು ಒಂದೂವರೆ ಪಟ್ಟು. ನಿಂತ ಭಾರಕ್ಕೆ ಇದು ಸಾಕು, ನಡುಕ ಇರುವ ಕೆಲಸಕ್ಕೆ ಸಾಲದು. ಸತತವಾಗಿ ಹೊಡೆತ ಬೀಳುತ್ತಿದ್ದರೆ ಸಿಂಗಲ್ ಸ್ಟಾರ್ಟ್ ಸ್ಕ್ರೂ ಕೂಡ ಸರಿಯಬಹುದು. ಆದ್ದರಿಂದ ಇಂಪ್ಯಾಕ್ಟ್ ಗನ್ ಹಿಡಿಯುವ ಮೊದಲು ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸುವುದು ಕಡ್ಡಾಯ ಎಂದು ಮಾಡಿದರು. ಜಾಕ್ ಎತ್ತುವ ಸಾಧನ, ಹೊತ್ತು ನಿಲ್ಲುವುದು ಸ್ಟ್ಯಾಂಡಿನ ಕೆಲಸ.

ಹೊಸ ಸ್ಕ್ರೂ ಹಾಕಿ ಕೆಲವು ತಿಂಗಳು ಪಳಗಿದ ಮೇಲೆ ಅದೇ ಪ್ರೆಸ್ ಕೆಳಗೆ ಮತ್ತೆ ಅಳೆದೆವು. ಇಳಿಸಲು ಈ ಸಲ ತಡೆಯುವ ಬದಲು ಎಳೆಯಬೇಕಾಯಿತು: ತಕ್ಕಡಿಯಲ್ಲಿ 4.4 ಕೆಜಿ, ಅಂದರೆ 43 ನ್ಯೂಟನ್. μ ಇನ್ನೂ 0.10ರಲ್ಲೇ ಇದೆ. ಜಾಕ್‌ನ ಬಾಡಿಯ ಮೇಲೆ ಬಣ್ಣದಲ್ಲಿ ಒಂದು ಸಂಖ್ಯೆ ಬರೆಸಿದ್ದೇನೆ, 2.2 ಕೆಜಿ. ವರ್ಷಕ್ಕೊಮ್ಮೆ ಪೂರ್ತಿ ಭಾರದಲ್ಲಿ ಅಳೆದಾಗ ಇಳಿಸುವ ಎಳೆತ ಇದಕ್ಕಿಂತ ಕಡಿಮೆ ಬಂದರೆ ಘರ್ಷಣಾಂಕ 0.08ಕ್ಕೆ ಕುಸಿದಿದೆ ಎಂದರ್ಥ, ಆಗ ಗ್ರೀಸ್ ಬದಲಿಸಿ ಮತ್ತೆ ಅಳೆಯುವ ತನಕ ಆ ಜಾಕ್ ಬಳಕೆಯಿಂದ ಹೊರಗೆ.